ಜಾಹೀರಾತು ಕೇಳುವುದೆಷ್ಟು, ನನಗೆ ಬರುವುದೆಷ್ಟು?

ಪ್ರಶ್ನೆ: ಬಿ.ಕಾಂ. ಓದಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಡೇಟಾ ಅನಲಿಸ್ಟ್ ಆಗಲು ನನ್ನಲ್ಲಿ ಏನು ಕೊರತೆಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮಷ್ಟೇ ಅನುಭವ ಕೇಳುವ 20 ಡೇಟಾ ಅನಲಿಸ್ಟ್ ಹುದ್ದೆಯ ಜಾಹೀರಾತುಗಳನ್ನು ಕೂಡಿಹಾಕಿ, ಯಾವ ಕೌಶಲ ಎಷ್ಟರಲ್ಲಿದೆ ಎಂದು ಎಣಿಸಿ. ಎಸ್‌ಕ್ಯೂಎಲ್ 16ರಲ್ಲಿ, ಪೈಥಾನ್ 7ರಲ್ಲಿ, ಅದೂ ‘ಇದ್ದರೆ ಒಳ್ಳೆಯದು’ ಎಂಬ ಸಾಲಿನಲ್ಲಿ ಸಿಕ್ಕಿತೆನ್ನಿ. ಆಗ ಮೊದಲು ಕಲಿಯಬೇಕಾದದ್ದು ಎಸ್‌ಕ್ಯೂಎಲ್.

ಇನ್ನು ನಿಮ್ಮ ಕಡೆಯ ಲೆಕ್ಕ. ‘ಬರುತ್ತದೆ’ ಎಂದಷ್ಟೇ ಬರೆದುಕೊಂಡರೆ ಸಾಲದು. ಪ್ರತಿ ಕೌಶಲದ ಎದುರಿಗೆ ಅದನ್ನು ಬಳಸಿ ಮಾಡಿದ ಕೆಲಸವನ್ನು ಬರೆಯಿರಿ. ಎರಡು ಟೇಬಲ್‌ಗಳನ್ನು ಜೋಡಿಸುವ ಕ್ವೆರಿಯನ್ನು ನೋಡದೆ ಬರೆಯಲಾಗದಿದ್ದರೆ ಅದು ಕೊರತೆಯೇ. ಆದರೆ ಪ್ರತಿ ತಿಂಗಳು ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ದಾಖಲೆಯೊಂದಿಗೆ ತಾಳೆ ನೋಡುತ್ತೀರಲ್ಲ, ಜಾಹೀರಾತಿನ ‘ಡೇಟಾ ವ್ಯಾಲಿಡೇಶನ್’ಗೆ ಅದು ಗಟ್ಟಿಯಾದ ಪುರಾವೆ. ಹೆಸರು ಬೇರೆಯಾದ್ದರಿಂದ ಬಹಳ ಜನ ಇದನ್ನು ಕೊರತೆಯ ಪಟ್ಟಿಗೆ ಸೇರಿಸಿಬಿಡುತ್ತಾರೆ.