ಹಲವು ದಾರಿ, ಒಂದೇ ಸ್ಥಿತಿ

ಚದುರಂಗದಲ್ಲಿ ಲಾಸ್ಕರ್–ರೈಖ್‌ಹೆಲ್ಮ್ ಸ್ಥಿತಿ ಎಂದೇ ಹೆಸರಾದ ಒಂದು ಅಂತ್ಯದಾಟವಿದೆ. ರೂಬೆನ್ ಫೈನ್ 1941ರಲ್ಲಿ ಪ್ರಕಟಿಸಿದ ಅಂತ್ಯದಾಟಗಳ ಪುಸ್ತಕದಲ್ಲಿ ಅದು 70ನೆಯದು. ಕಂಪ್ಯೂಟರ್ ಚದುರಂಗದವರು ಅದನ್ನು ‘ಫೈನ್ 70’ ಎನ್ನುತ್ತಾರೆ. ಬಿಳಿಯ ಕಡೆ ರಾಜನೂ ನಾಲ್ಕು ಕಾಲಾಳುಗಳೂ ಇವೆ. ಕಪ್ಪಿನ ಕಡೆ ರಾಜನೂ ಮೂರು ಕಾಲಾಳುಗಳೂ. ಕಾಲಾಳುಗಳೆಲ್ಲ ಎದುರುಬದುರಾಗಿ ಸಿಕ್ಕಿಕೊಂಡಿರುವುದರಿಂದ ಯಾವುದೂ ಅಲುಗುವಂತಿಲ್ಲ. ಓಡಾಡುವವರು ರಾಜರಿಬ್ಬರೇ. ಎ1 ಮನೆಯಲ್ಲಿರುವ ಬಿಳಿಯ ರಾಜ ಬಿ1ಕ್ಕೆ ಸರಿದರೆ ಮಾತ್ರ ಗೆಲುವು. ಆದರೆ ಅದು ಗೆಲುವೆಂದು ತಿಳಿಯಲು ಬಹಳ ಮುಂದಿನವರೆಗೆ ನೋಡಬೇಕು.

ಪ್ರತಿ ಸರದಿಗೂ ಸರಾಸರಿ ನಾಲ್ಕೇ ನಡೆ ಎಂದುಕೊಂಡರೂ 26 ಸರದಿಗಳ ಆಳದಲ್ಲಿ ಸುಮಾರು 45 ಕೋಟಿ ಕೋಟಿ ದಾರಿಗಳಾಗುತ್ತವೆ. ಇನ್ನು ಸ್ಥಿತಿಗಳ ಲೆಕ್ಕ ನೋಡಿ. ಏಳು ಕಾಲಾಳುಗಳು ಕೂತ ಮೇಲೆ ಉಳಿಯುವುದು 57 ಮನೆ. ಅವುಗಳಲ್ಲಿ ಇಬ್ಬರು ರಾಜರನ್ನು 57×56 ಬಗೆಯಲ್ಲಿ ನಿಲ್ಲಿಸಬಹುದು. ಯಾರ ಸರದಿ ಎಂಬುದನ್ನೂ ಸೇರಿಸಿದರೆ, ಮೊದಲ ಕಾಲಾಳು ಬೀಳುವವರೆಗೆ 6,384ಕ್ಕಿಂತ ಹೆಚ್ಚು ಸ್ಥಿತಿಗಳು ಸಾಧ್ಯವೇ ಇಲ್ಲ. ಅಂದರೆ ಕಂಪ್ಯೂಟರ್ ಅವೇ ಕೆಲವು ಸಾವಿರ ಸ್ಥಿತಿಗಳನ್ನು ಬೇರೆ ಬೇರೆ ದಾರಿಯಿಂದ ತಲುಪಿ, ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತಿರುತ್ತದೆ. ಉಪಯೋಗವಿಲ್ಲದ ಕೊಂಬೆಗಳನ್ನು ಕತ್ತರಿಸುವ ಆಲ್ಫಾ-ಬೀಟಾ ತಂತ್ರ ಕೆಲಸವನ್ನು ಎಷ್ಟೋ ತಗ್ಗಿಸುತ್ತದೆ ನಿಜ. ಆದರೆ ‘ಇಲ್ಲಿಗೆ ಹಿಂದೆಯೇ ಬಂದಿದ್ದೆ’ ಎಂಬ ಅರಿವು ಅದಕ್ಕಿಲ್ಲ.

ಆ ಅರಿವು ಕೊಡುವುದು ಟ್ರಾನ್ಸ್‌ಪೊಸಿಷನ್ ಟೇಬಲ್: ನೋಡಿ ಮುಗಿಸಿದ ಸ್ಥಿತಿಗಳ ಫಲಿತಾಂಶವನ್ನು ಬರೆದಿಡುವ ಪಟ್ಟಿ. ಆದರೆ ಪ್ರತಿ ಸ್ಥಿತಿಯಲ್ಲೂ ಇಡೀ ಹಲಗೆಯನ್ನು ಓದಿ ಪಟ್ಟಿಯಲ್ಲಿ ಹುಡುಕುತ್ತ ಕೂತರೆ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚಾಗುತ್ತದೆ. ಇದಕ್ಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಬರ್ಟ್ ಜೋಬ್ರಿಸ್ಟ್ 1970ರಲ್ಲಿ ಕೊಟ್ಟ ಪರಿಹಾರದ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹನ್ನೆರಡು ಬಗೆಯ ಕಾಯಿಗಳು, 64 ಮನೆಗಳು. ಪ್ರತಿ ಕಾಯಿ-ಮನೆ ಜೋಡಿಗೆ ಒಂದೊಂದರಂತೆ 768 ಯಾದೃಚ್ಛಿಕ ಸಂಖ್ಯೆಗಳನ್ನು ಮೊದಲೇ ಆರಿಸಿಡಿ. ಸರದಿಗೆ ಒಂದು, ಮತ್ತೆ ಕ್ಯಾಸ್ಲಿಂಗ್ ಮೊದಲಾದ ಹಕ್ಕುಗಳಿಗೆ ಇನ್ನು ಕೆಲವು. ಹಲಗೆಯ ಮೇಲಿರುವ ಜೋಡಿಗಳ ಸಂಖ್ಯೆಗಳನ್ನೆಲ್ಲ ‘ಎಕ್ಸಾರ್’ ಕ್ರಿಯೆಯಿಂದ ಕೂಡಿಸಿದರೆ ಆ ಸ್ಥಿತಿಯ ಕೀಲಿಸಂಖ್ಯೆ ಸಿಗುತ್ತದೆ.

ಎಕ್ಸಾರ್‌ನಲ್ಲಿ ಎರಡು ಬಿಟ್‌ಗಳು ಬೇರೆಯಾದರೆ 1, ಒಂದೇ ಆದರೆ 0. ಆದ್ದರಿಂದ ಒಂದು ಸಂಖ್ಯೆಯನ್ನು ಎರಡು ಸಲ ಸೇರಿಸಿದರೆ ಅದು ಅಳಿಸಿಹೋಗುತ್ತದೆ. ಕೀಲಿ 0101, ರಾಜ ಎ1ರಲ್ಲಿದ್ದರೆ 1100, ಬಿ1ರಲ್ಲಿದ್ದರೆ 0111 ಎಂದಿರಲಿ. 0101ಕ್ಕೆ 1100 ಸೇರಿಸಿದರೆ 1001. ರಾಜ ಎ1ರಿಂದ ಎದ್ದ. ಅದಕ್ಕೆ 0111 ಸೇರಿಸಿದರೆ 1110, ಬಿ1ರಲ್ಲಿ ಕೂತ. ನಡೆಯನ್ನು ಹಿಂತೆಗೆಯಲು ಅವೇ ಎರಡನ್ನು ಮತ್ತೆ ಸೇರಿಸಿದರೆ 0101 ಮರಳುತ್ತದೆ. ನಿಜವಾದ ಕೀಲಿಗೆ 64 ಬಿಟ್‌ಗಳಿರುತ್ತವೆ. ಸರದಿಯೂ ಸೇರಿ ಒಂದು ನಡೆಗೆ ಇಷ್ಟೇ ಕೆಲಸ:

```
key ^= Z[K][a1];
key ^= Z[K][b1];
key ^= Zside;
```

ಫೈನ್ 70ರಲ್ಲಿ ಬಿಳಿಯ ರಾಜ ಬಿ1ರ ಮೂಲಕ ಸಿ1ಕ್ಕೆ ಹೋಗಬಹುದು, ಬಿ2ರ ಮೂಲಕವೂ ಹೋಗಬಹುದು. ನಡುವೆ ಕಪ್ಪು ರಾಜ ಎರಡು ಸಲವೂ ಎ7ರಿಂದ ಬಿ7ಕ್ಕೆ ಸರಿದಿದ್ದರೆ ಕೊನೆಯ ಸ್ಥಿತಿ ಒಂದೇ. ರಾಜ ಹಾದುಹೋದ ಮನೆಯ ಸಂಖ್ಯೆ ಬಂದಾಗೊಮ್ಮೆ, ಹೋದಾಗೊಮ್ಮೆ ಸೇರಿ ಮಾಯವಾಗುವುದರಿಂದ ಕೀಲಿಯೂ ಒಂದೇ ಆಗುತ್ತದೆ.

ಕೀಲಿಯ ಕೊನೆಯ 20 ಬಿಟ್‌ಗಳನ್ನು ಪಟ್ಟಿಯಲ್ಲಿ ಸ್ಥಳಸಂಖ್ಯೆಯಾಗಿ ಬಳಸಿದರೆ ಸುಮಾರು ಹತ್ತೂವರೆ ಲಕ್ಷ ಖಾನೆಗಳಾಗುತ್ತವೆ. ಖಾನೆಯಲ್ಲಿ ಪೂರ್ತಿ ಕೀಲಿ, ಅಂಕ, ಅತ್ಯುತ್ತಮ ನಡೆ ಮತ್ತು ಎಷ್ಟು ಆಳ ನೋಡಿದ್ದೆಂಬುದು ಇರುತ್ತದೆ. ಆಲ್ಫಾ-ಬೀಟಾ ಎಷ್ಟೋ ಸಲ ‘ಕನಿಷ್ಠ ಇಷ್ಟು’, ‘ಗರಿಷ್ಠ ಇಷ್ಟು’ ಎಂಬ ಮಿತಿಯನ್ನಷ್ಟೇ ಕೊಡುವುದರಿಂದ ಅಂಕ ಯಾವ ಬಗೆಯದೆಂಬುದನ್ನೂ ಬರೆದಿಡಬೇಕು. ಆರು ಸರದಿ ನೋಡಿ ಬರೆದ ಅಂಕ ಹತ್ತು ಸರದಿ ನೋಡಬೇಕಾದಲ್ಲಿ ಸಲ್ಲದು. ಆದರೂ ಅಲ್ಲಿ ಬರೆದಿಟ್ಟ ನಡೆಯನ್ನು ಮೊದಲು ಪರೀಕ್ಷಿಸಿದರೆ ಉಳಿದ ಕೊಂಬೆಗಳು ಬೇಗ ಕತ್ತರಿಸಲ್ಪಡುತ್ತವೆ. ವೇಗದ ಒಳ್ಳೆಯ ಪಾಲು ಬರುವುದು ಇಲ್ಲಿಂದಲೇ.

ಎರಡು ಬೇರೆ ಸ್ಥಿತಿಗಳಿಗೆ ಒಂದೇ ಕೀಲಿ ಬರಬಹುದೇ? ಬರಬಹುದು. 32 ಬಿಟ್‌ಗಳ ಕೀಲಿಯಾದರೆ ಸುಮಾರು 77,000 ಸ್ಥಿತಿಗಳಲ್ಲೇ ಅಂಥ ಒಂದು ಜೋಡಿ ಇರುವ ಸಂಭವ ಅರ್ಧಕ್ಕರ್ಧ. 64 ಬಿಟ್‌ಗಳಿದ್ದರೆ ಅದಕ್ಕೆ ಸುಮಾರು 500 ಕೋಟಿ ಸ್ಥಿತಿಗಳು ಬೇಕು. ಇದಕ್ಕಿಂತ ಹೆಚ್ಚಾಗಿ ಕಾಡುವುದು ಪ್ರೋಗ್ರಾಂ ಬರೆದವರ ಮರೆವು: ಕಾಯಿ ಹೊಡೆದಾಗ ಅದರ ಸಂಖ್ಯೆ ತೆಗೆಯದಿರುವುದು, ಕ್ಯಾಸ್ಲಿಂಗ್ ಹಕ್ಕು ಹೋದಾಗ ಕೀಲಿಯನ್ನು ಬದಲಿಸದಿರುವುದು. ಆಗ ಪ್ರೋಗ್ರಾಂ ನಿಲ್ಲುವುದಿಲ್ಲ, ಒಮ್ಮೊಮ್ಮೆ ಕೆಟ್ಟ ನಡೆ ಆಡುತ್ತದೆ, ಅಷ್ಟೆ. ಪರೀಕ್ಷೆಯ ಹಂತದಲ್ಲಿ ಪ್ರತಿ ನಡೆಯ ನಂತರ ಇಡೀ ಹಲಗೆಯಿಂದ ಕೀಲಿಯನ್ನು ಹೊಸದಾಗಿ ಕಟ್ಟಿ, ಬೆಳೆದುಬಂದ ಕೀಲಿಗೆ ಹೋಲಿಸಿದರೆ ತಪ್ಪು ಸಿಕ್ಕಿಬೀಳುತ್ತದೆ.

ಹೀಗೆ ಪರೀಕ್ಷಿಸಿದರೂ ತಿದ್ದಲಾಗದ ಒಂದು ಕೊರತೆ ಉಳಿಯುತ್ತದೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟವನ್ನು ಡ್ರಾ ಎನ್ನಬಹುದು, ಆದರೆ ಕೀಲಿಗೆ ಸ್ಥಿತಿ ಗೊತ್ತೇ ಹೊರತು ಅಲ್ಲಿಗೆ ಬಂದ ದಾರಿ ಗೊತ್ತಿಲ್ಲ. ರಾಜರಷ್ಟೇ ಸುತ್ತಾಡುವ ಫೈನ್ 70ರಂಥ ಆಟದಲ್ಲಿ ಇದು ಎದ್ದು ಕಾಣುತ್ತದೆ. ಆದ್ದರಿಂದ ಪ್ರೋಗ್ರಾಂಗಳು ಹಿಂದಿನ ಕೀಲಿಗಳ ಸಾಲನ್ನು ಬೇರೆಯಾಗಿ ಇಟ್ಟುಕೊಂಡು, ಪಟ್ಟಿಯನ್ನು ಕೇಳುವ ಮೊದಲೇ ಪುನರಾವರ್ತನೆಯನ್ನು ನೋಡಿಕೊಳ್ಳುತ್ತವೆ. ಒಂದು ದಾರಿಯ ಪುನರಾವರ್ತನೆಯಿಂದ ಹುಟ್ಟಿದ ಡ್ರಾ ಅಂಕ ಅಷ್ಟರಲ್ಲಿ ಪಟ್ಟಿ ಸೇರಿದ್ದರೆ, ಬೇರೆ ದಾರಿಯಲ್ಲಿ ಬಂದವರಿಗೂ ಅದೇ ಸಿಗುತ್ತದೆ. ಇತಿಹಾಸವನ್ನೂ ಕೀಲಿಗೆ ಸೇರಿಸಿದರೆ ಈ ತಪ್ಪು ನಿಲ್ಲುತ್ತದೆ, ಆದರೆ ಆಗ ಎರಡು ದಾರಿಗಳು ಒಂದೇ ಖಾನೆಯಲ್ಲಿ ಕೂಡುವುದೂ ನಿಲ್ಲುತ್ತದೆ. ಹಾಗಾಗಿ ಚದುರಂಗದ ಪ್ರೋಗ್ರಾಂಗಳು ಸಾಮಾನ್ಯವಾಗಿ ಆ ಅಪರೂಪದ ತಪ್ಪನ್ನು ಇರಗೊಡುತ್ತವೆ.