ಗೂಗಲ್‌ನ ಜ್ವರದ ಲೆಕ್ಕ ತಪ್ಪಿದ್ದೆಲ್ಲಿ?

ಗೂಗಲ್ ಸಂಸ್ಥೆ 2008ರ ನವೆಂಬರ್‌ನಲ್ಲಿ ‘ಗೂಗಲ್ ಫ್ಲೂ ಟ್ರೆಂಡ್ಸ್’ ಎಂಬ ಸೇವೆಯನ್ನು ಆರಂಭಿಸಿತು. ಅಮೆರಿಕದಲ್ಲಿ ಯಾವ ವಾರ ಎಷ್ಟು ಮಂದಿ ಫ್ಲೂ ಲಕ್ಷಣಗಳೊಂದಿಗೆ ವೈದ್ಯರ ಬಳಿ ಹೋಗುತ್ತಿದ್ದಾರೆ ಎಂಬ ಲೆಕ್ಕವನ್ನು ಅಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ ಇಡುತ್ತದೆ. ಆದರೆ ಆಸ್ಪತ್ರೆಗಳಿಂದ ವರದಿ ಬಂದು, ಕೂಡಿಸಿ, ಪ್ರಕಟವಾಗುವ ಹೊತ್ತಿಗೆ ಒಂದೆರಡು ವಾರ ಕಳೆದಿರುತ್ತದೆ. ಕಾಯಿಲೆ ಬಿದ್ದವರು ವೈದ್ಯರಲ್ಲಿಗೆ ಹೋಗುವ ಮೊದಲೇ ಅಂತರ್ಜಾಲದಲ್ಲಿ ಹುಡುಕುತ್ತಾರಲ್ಲ, ಆ ಹುಡುಕಾಟಗಳನ್ನೇ ಎಣಿಸಿದರೆ ಕಾಯುವುದು ತಪ್ಪುತ್ತದೆ ಎಂಬುದು ಗೂಗಲ್ ಎಂಜಿನಿಯರುಗಳ ಆಲೋಚನೆ.

ಅವರು ಸುಮಾರು 5 ಕೋಟಿ ಹುಡುಕುಪದಗಳನ್ನು ಸಿಡಿಸಿಯ ಹಳೆಯ ಅಂಕಿಗಳ ಜೊತೆ ಹೋಲಿಸಿ ನೋಡಿದರು. ಫ್ಲೂ ಏರಿದಾಗ ಏರುವ, ಇಳಿದಾಗ ಇಳಿಯುವ 45 ಪದಗಳನ್ನು ಆರಿಸಿಕೊಂಡು ಮಾಡೆಲ್ ಕಟ್ಟಿದರು. 2009ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದ ಪ್ರಕಾರ, ಮಾಡೆಲ್‌ನ ಅಂದಾಜು ಸರ್ಕಾರಿ ಅಂಕಿಗೆ ಬಹುತೇಕ ಹೊಂದಿಕೆಯಾಗುತ್ತಿತ್ತು.

ಆ ಪ್ರಬಂಧ ಪ್ರಕಟವಾದ ಕೆಲವೇ ತಿಂಗಳಲ್ಲಿ ಮೊದಲ ಪೆಟ್ಟು ಬಿತ್ತು. 2009ರ ವಸಂತದಲ್ಲಿ ಎಚ್1ಎನ್1 ಸೋಂಕು ಹರಡಿದಾಗ ಮಾಡೆಲ್ ಅದನ್ನು ತೀರಾ ಕಡಿಮೆ ಅಂದಾಜು ಮಾಡಿತು. ಅದು ಕಲಿತಿದ್ದು ಚಳಿಗಾಲದ ಫ್ಲೂ. ಚಳಿಗಾಲ ಮುಗಿದ ಮೇಲೆ ಬಂದ ಸೋಂಕಿನಲ್ಲಿ ಜನರ ಹುಡುಕಾಟದ ರೀತಿಯೇ ಬೇರೆಯಾಗಿತ್ತು. ಮಾಡೆಲ್ ಅನ್ನು ತಿದ್ದಿ ಮತ್ತೆ ಬಿಟ್ಟರು. ಆಮೇಲೆ ತಪ್ಪು ಎದುರು ದಿಕ್ಕಿಗೆ ಹೊರಳಿತು. 2012–13ರ ಚಳಿಗಾಲದಲ್ಲಿ ಫ್ಲೂ ಉತ್ತುಂಗದಲ್ಲಿದ್ದಾಗ ಗೂಗಲ್‌ನ ಅಂದಾಜು ಸಿಡಿಸಿ ಅಂಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಇತ್ತು. ಡೇವಿಡ್ ಲೇಜರ್ ಮತ್ತು ಸಂಗಡಿಗರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆದರು: 2011ರ ಆಗಸ್ಟ್‌ನಿಂದ ಲೆಕ್ಕ ಹಾಕಿದ 108 ವಾರಗಳಲ್ಲಿ 100 ವಾರ ಮಾಡೆಲ್ ಹೆಚ್ಚೇ ಹೇಳಿತ್ತು.

ಮಾಡೆಲ್‌ನ ಕೋಡ್ ತಾನಾಗಿ ಸವೆಯುವುದಿಲ್ಲ. ಕೊಟ್ಟ ಅಂಕಿಗೆ ನಿನ್ನೆ ಕೊಟ್ಟ ಉತ್ತರವನ್ನೇ ಅದು ಇಂದೂ ಕೊಡುತ್ತದೆ. ಬದಲಾಗುವುದು ಹೊರಗಿನ ಜಗತ್ತು. ‘ಈ ಪದ ಇಷ್ಟು ಸಲ ಹುಡುಕಿದರೆ ಇಷ್ಟು ಮಂದಿಗೆ ಫ್ಲೂ’ ಎಂಬ ನಂಟನ್ನು ಅದು ಒಂದು ಕಾಲದ ಜನರಿಂದ ಕಲಿತಿತ್ತು. 2012–13ರಲ್ಲಿ ಟಿವಿ, ಪತ್ರಿಕೆಗಳ ತುಂಬ ಫ್ಲೂ ಸುದ್ದಿ ಇದ್ದಾಗ ಆರೋಗ್ಯವಾಗಿದ್ದವರೂ ಹುಡುಕಿರಬಹುದು. ಜೊತೆಗೆ ಗೂಗಲ್ ತನ್ನ ಹುಡುಕುಪುಟವನ್ನೇ ಬದಲಿಸುತ್ತಿತ್ತು. ಜ್ವರ, ಕೆಮ್ಮು ಎಂದು ಹುಡುಕಿದವರಿಗೆ ಸಂಭವನೀಯ ಕಾಯಿಲೆಗಳ ಹೆಸರನ್ನು ತೋರಿಸತೊಡಗಿತ್ತು. ಅದನ್ನು ಕಂಡವರು ಒತ್ತಿ ಮತ್ತಷ್ಟು ಹುಡುಕುವುದು ಸಹಜ. ಇಂಥವೇ ಕಾರಣವಿರಬೇಕೆಂದು ಲೇಜರ್ ತಂಡ ಊಹಿಸಿತು. ಹುಡುಕಾಟ ಏರಿದರೂ ರೋಗಿಗಳು ಅಷ್ಟು ಏರಲಿಲ್ಲ. ಮಾಡೆಲ್‌ಗೆ ಕೊಡುವ ಮಾಹಿತಿಗೂ ಅದು ಹೇಳಬೇಕಾದ ಉತ್ತರಕ್ಕೂ ಇರುವ ನಂಟೇ ಹೀಗೆ ಬದಲಾಗುವುದನ್ನು ‘ಕಾನ್ಸೆಪ್ಟ್ ಡ್ರಿಫ್ಟ್’ ಎನ್ನುತ್ತಾರೆ. ನಂಟು ಹಾಗೇ ಇದ್ದು ಒಳಬರುವ ಮಾಹಿತಿಯ ಸ್ವರೂಪವಷ್ಟೇ ಬದಲಾದರೆ ಅದು ‘ಡೇಟಾ ಡ್ರಿಫ್ಟ್’.

ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಕಿಲ್ಲ. ಕಾಲೇಜು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಪರೀಕ್ಷೆ ಮಾಡಬಹುದು. ವಿವರಿಸಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ನಾಲ್ಕು ವಾರಗಳಲ್ಲಿ ಮಾಡೆಲ್ ಹೇಳಿದ್ದು ಶೇ 3.0, 3.3, 3.9, 4.4. ಆಮೇಲೆ ಬಂದ ಸರ್ಕಾರಿ ಅಂಕಿ ಶೇ 2.4, 2.5, 2.8, 3.0.

ಮೊದಲ ಪರೀಕ್ಷೆ ತಪ್ಪಿನ ದಿಕ್ಕಿನದು. ಮಾಡೆಲ್‌ನ ಅಂಕಿಯಿಂದ ನಿಜ ಅಂಕಿಯನ್ನು ಕಳೆಯಿರಿ. 0.6, 0.8, 1.1, 1.4 ಬರುತ್ತದೆ. ತಪ್ಪು ಬೆಳೆಯುತ್ತಿದೆ, ಎಲ್ಲವೂ ಒಂದೇ ಕಡೆಗಿವೆ. ಸುಸ್ಥಿತಿಯ ಮಾಡೆಲ್ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹೇಳುತ್ತದೆ. ಒಂದು ವಾರದ ತಪ್ಪು ಮುಂದಿನ ವಾರಕ್ಕೆ ಚಾಚಿಕೊಳ್ಳುವುದುಂಟು, ಹಾಗಾಗಿ ನಾಲ್ಕು ವಾರ ನೋಡಿ ತೀರ್ಪು ಕೊಡಲಾಗದು. ಆದರೆ ಎಂಟು ಹತ್ತು ವಾರ ಒಂದೇ ಕಡೆ ವಾಲಿದರೆ ಕಾರಣ ಹುಡುಕಲೇಬೇಕು. ಗೂಗಲ್‌ನ ಮಾಡೆಲ್ 108ರಲ್ಲಿ 100 ಸಲ ವಾಲಿತ್ತು.

ಎರಡನೆಯದು ಸರಳ ಊಹೆಯೊಂದಿಗಿನ ಪೈಪೋಟಿ. ‘ಎರಡು ವಾರದ ಹಿಂದಿನ ಸರ್ಕಾರಿ ಅಂಕಿಯೇ ಈ ವಾರದ ಅಂಕಿ’ ಎಂದು ಕಣ್ಣುಮುಚ್ಚಿ ಹೇಳುವ ಊಹೆ ಇಟ್ಟುಕೊಳ್ಳಿ. ಹಿಂದಿನ ಎರಡು ವಾರದ ಅಂಕಿ 2.2 ಮತ್ತು 2.3 ಆಗಿದ್ದರೆ ಈ ಊಹೆಯ ಪ್ರಕಾರ ನಮ್ಮ ನಾಲ್ಕು ವಾರಗಳ ಅಂಕಿ 2.2, 2.3, 2.4, 2.5. ಅದರ ಸರಾಸರಿ ತಪ್ಪು ಸುಮಾರು 0.3, ಮಾಡೆಲ್‌ನದು ಹತ್ತಿರ ಹತ್ತಿರ 1. ಏನನ್ನೂ ಕಲಿಯದ ಊಹೆಗೆ ಸೋಲುವ ಮಾಡೆಲ್ ಇದ್ದೂ ಪ್ರಯೋಜನವಿಲ್ಲ. ಸಿಡಿಸಿಯ ಹಳೆಯ ಅಂಕಿಯನ್ನೇ ಮುಂದಕ್ಕೆ ಎಳೆದು ಹೇಳಿದ್ದರೂ ಗೂಗಲ್‌ಗಿಂತ ಉತ್ತಮ ಅಂದಾಜು ಸಿಗುತ್ತಿತ್ತೆಂದು ಲೇಜರ್ ತಂಡ ತೋರಿಸಿತ್ತು.

ಮೂರನೆಯ ಪರೀಕ್ಷೆ ಒಳಬರುವ ಮಾಹಿತಿಯದು. ಇದಕ್ಕೆ ನಿಜ ಉತ್ತರ ಬರುವವರೆಗೆ ಕಾಯಬೇಕಿಲ್ಲ. ತರಬೇತಿಯ ಕಾಲದಲ್ಲಿ ಆರಿಸಿದ ಹುಡುಕಾಟಗಳ ಪೈಕಿ ನೂರಕ್ಕೆ 20 ಕೆಮ್ಮಿನ ಔಷಧದ್ದಾಗಿದ್ದು, ಈಗ 35 ಆಗಿದ್ದರೆ ಏನೋ ಬದಲಾಗಿದೆ. ಹೋಲಿಸುವಾಗ ಜನವರಿಯನ್ನು ಜನವರಿಯೊಂದಿಗೇ ಹೋಲಿಸಬೇಕು. ಬೇಸಿಗೆಯೊಂದಿಗೆ ಹೋಲಿಸಿದರೆ ಬರೀ ಋತುಮಾನದ ವ್ಯತ್ಯಾಸ ಕಂಡು ಸುಳ್ಳು ಗಾಬರಿಯಾಗುತ್ತದೆ.

ಈ ಮೂರನೆಯ ಪರೀಕ್ಷೆಗೆ ಒಂದು ಮಿತಿಯಿದೆ. ಹುಡುಕಾಟದ ಪ್ರಮಾಣ ಒಂದಿಷ್ಟೂ ಬದಲಾಗದೆ, ಹುಡುಕುವವರಷ್ಟೇ ಬದಲಾಗಬಹುದು. ಮೊದಲು ರೋಗಿಗಳು ಹುಡುಕುತ್ತಿದ್ದರು, ಈಗ ಸುದ್ದಿ ಓದಿದವರು ಹುಡುಕುತ್ತಿದ್ದಾರೆ ಎನ್ನಿ. ಒಳಬರುವ ಅಂಕಿಗಳು ಹಿಂದಿನಂತೆಯೇ ಕಾಣುತ್ತವೆ, ಉತ್ತರ ಮಾತ್ರ ತಪ್ಪಿರುತ್ತದೆ. ಈ ಬಗೆಯ ಬದಲಾವಣೆಯನ್ನು ಹಿಡಿಯುವುದು ಮೊದಲಿನ ಎರಡು ಪರೀಕ್ಷೆಗಳು ಮಾತ್ರ. ಅವಕ್ಕೆ ನಿಜ ಉತ್ತರ ಬೇಕೇ ಬೇಕು. ಫ್ಲೂ ವಿಷಯದಲ್ಲಿ ಅದು ಎರಡು ವಾರದಲ್ಲಿ ಸಿಗುತ್ತದೆ. ಸಾಲ ತೀರಿಸುವರೋ ಇಲ್ಲವೋ ಎಂದು ಊಹಿಸುವ ಮಾಡೆಲ್ ಆದರೆ ತಿಂಗಳುಗಟ್ಟಲೆ ಕಾಯಬೇಕು.

ತಪ್ಪು ಕಂಡ ತಕ್ಷಣ ಹೊಸ ಡೇಟಾ ಕೊಟ್ಟು ಮರುತರಬೇತಿ ಮಾಡಿದರೆ ಸಾಲದು. 2009ರಲ್ಲಿ ತಿದ್ದಿದ ಮಾಡೆಲ್ಲೇ ಮುಂದೆ ಮತ್ತೆ ತಪ್ಪಿತು. ಹುಡುಕುಪುಟ ಬದಲಾಯಿತೇ, ಸುದ್ದಿ ಹೆಚ್ಚಾಯಿತೇ, ಕಾಯಿಲೆಯೇ ಬೇರೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಗೂಗಲ್ 2014ರಲ್ಲಿ ಸಿಡಿಸಿಯ ಅಂಕಿಗಳನ್ನೂ ಬೆರೆಸಿದ ಹೊಸ ಮಾಡೆಲ್ ತಂದಿತು. 2015ರ ಆಗಸ್ಟ್‌ನಲ್ಲಿ ತನ್ನ ಅಂದಾಜುಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು.

ವಿದ್ಯಾರ್ಥಿಗಳಲ್ಲಿ ಒಂದು ಮನವಿ. ಪ್ರಾಜೆಕ್ಟ್ ವರದಿಯಲ್ಲಿ ‘ಶೇ 95 ನಿಖರತೆ’ ಎಂದು ಬರೆದಲ್ಲಿಗೇ ನಿಲ್ಲಿಸಬೇಡಿ. ಆ ನಿಖರತೆ ಯಾವ ತಿಂಗಳ ಡೇಟಾದ್ದು, ನಿಜ ಉತ್ತರ ಎಷ್ಟು ದಿನದಲ್ಲಿ ಕೈಸೇರುತ್ತದೆ, ಯಾವ ಸರಳ ಊಹೆಗೆ ಸೋತರೆ ಮಾಡೆಲ್ ಅನ್ನು ನಿಲ್ಲಿಸುತ್ತೀರಿ ಎಂಬ ಮೂರು ಸಾಲನ್ನೂ ಬರೆಯಿರಿ. ಆ ಮೂರಕ್ಕೆ ಉತ್ತರವಿಲ್ಲದ ಮಾಡೆಲ್ ಅನ್ನು ಜನರ ಬಳಕೆಗೆ ಬಿಡಬಾರದು.