ಧಾರೆಯ ದಿನದಿಂದ ಹಿಂದಕ್ಕೆ ಎಣಿಸಿ

ಮದುವೆಗೆ ಇನ್ನು ಹತ್ತೇ ದಿನ ಇದೆ ಎನ್ನುವಾಗ ತುಟಿಗೆ ಫಿಲ್ಲರ್ ಹಾಕಿಸಿಕೊಳ್ಳಬಾರದು. ಸೂಜಿಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ನಿಜ, ಆದರೆ ಮುಖ ಸುಧಾರಿಸಿಕೊಳ್ಳಲು ವಾರಗಳು ಬೇಕು. ತುಟಿಯಲ್ಲಿ ರಕ್ತನಾಳಗಳು ಹೆಚ್ಚು, ಚರ್ಮ ತೆಳು. ಜೊತೆಗೆ ಫಿಲ್ಲರ್‌ನಲ್ಲಿರುವ ಹಯಲುರಾನಿಕ್ ಆಮ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಎರಡು ಮೂರು ದಿನ ಊತ ಏರುತ್ತದೆ. ಕನ್ನಡಿ ನೋಡಿ ಗಾಬರಿಯಾಗುವುದು ಆಗಲೇ. ರಕ್ತ ಕಟ್ಟಿದ್ದರೆ ಆ ಕಲೆ ನೇರಳೆಯಿಂದ ಹಸಿರು, ಹಳದಿಗೆ ತಿರುಗಿ ಮಾಯವಾಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ನಮ್ಮ ಕಂದು ಚರ್ಮದಲ್ಲಿ ಕೆಲವೊಮ್ಮೆ ಕಪ್ಪು ಛಾಯೆ ಇನ್ನೂ ಹೆಚ್ಚು ದಿನ ಉಳಿಯುತ್ತದೆ.

ಮೇ 10ಕ್ಕೆ ಧಾರೆ ಎಂದುಕೊಳ್ಳೋಣ. ಹುಡುಗಿಗೆ ತುಟಿಗೆ ಫಿಲ್ಲರ್, ಹಣೆಯ ಗೆರೆಗಳಿಗೆ ಬೊಟಾಕ್ಸ್ ಬೇಕು. ಆರು ವಾರ ಹಿಂದಕ್ಕೆ, ಮಾರ್ಚ್ 29ಕ್ಕೆ, ಎರಡನ್ನೂ ಮಾಡಿಸಿದರೆ ಆತುರವಿರುವುದಿಲ್ಲ. ಬೊಟಾಕ್ಸ್ ಹಾಕಿದ ಕೂಡಲೇ ಏನೂ ಕಾಣುವುದಿಲ್ಲ. ಮೂರ್ನಾಲ್ಕು ದಿನದ ಮೇಲೆ ಶುರುವಾಗಿ, ಪೂರ್ತಿ ಪರಿಣಾಮ ಕಾಣಲು ಎರಡು ವಾರ ಬೇಕು. ಮೂರ್ನಾಲ್ಕು ತಿಂಗಳು ನಿಲ್ಲುತ್ತದೆ. ಏಪ್ರಿಲ್ 12ಕ್ಕೆ ವೈದ್ಯರಿಗೆ ಮತ್ತೆ ತೋರಿಸಬೇಕು. ಒಂದು ಹುಬ್ಬು ಮೇಲೆದ್ದಿದ್ದರೆ, ತುಟಿಯ ಒಂದು ಬದಿ ಕಡಿಮೆ ಅನಿಸಿದರೆ ಅಂದೇ ಸರಿಪಡಿಸಬಹುದು. ಆ ಸೂಜಿಯ ಊತ ಇಳಿಯಲೂ ನಾಲ್ಕು ವಾರ ಕೈಯಲ್ಲಿರುತ್ತದೆ. ಆಮೇಲೆ ಮುಖಕ್ಕೆ ಸೂಜಿ ತಾಗಿಸದಿರುವುದೇ ಒಳ್ಳೆಯದು. ಫೋಟೋಶೂಟ್ ಇದ್ದರೆ ಅದನ್ನು ಏಪ್ರಿಲ್ ಕೊನೆಗೆ ಇಟ್ಟುಕೊಳ್ಳಿ. ಅರಿಶಿನ ಶಾಸ್ತ್ರದಲ್ಲಿ ಮನೆಯವರೆಲ್ಲ ಮುಖ ತಿಕ್ಕುವ ಹೊತ್ತಿಗೂ ಎಲ್ಲ ಮಾಗಿರುತ್ತದೆ.

ಕಚೇರಿಗೆ ಹೋಗುವವರು ಶುಕ್ರವಾರ ಸಂಜೆ ಮಾಡಿಸಿ ಸೋಮವಾರ ಹೋಗಬಹುದು ಎಂದುಕೊಳ್ಳುತ್ತಾರೆ. ಹಣೆಯ ಬೊಟಾಕ್ಸ್‌ಗೆ ಅದು ಸಾಮಾನ್ಯವಾಗಿ ಸಾಕು. ತುಟಿಗೆ ಸಾಲದು, ಏಕೆಂದರೆ ಊತದ ತುದಿ ಭಾನುವಾರದ ಸುಮಾರಿಗೇ ಬರುತ್ತದೆ. ಸಂದರ್ಶನ ಅಥವಾ ಕ್ಯಾಮೆರಾ ಎದುರಿನ ಕೆಲಸವಿದ್ದರೆ ಎರಡು ವಾರ ಬಿಡಿ.

ರಕ್ತ ತೆಳು ಮಾಡುವ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ ಕಲೆಯನ್ನು ಹೆಚ್ಚಿಸಬಹುದು. ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಮೊದಲೇ ಹೇಳಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಹಿಂದೆ ತುಟಿಯ ಮೇಲೆ ನೀರುಗುಳ್ಳೆ ಎದ್ದಿದ್ದರೆ ಅದನ್ನೂ ತಿಳಿಸಿ, ಸೂಜಿಯ ಪೆಟ್ಟಿಗೆ ಅವು ಮತ್ತೆ ಏಳಬಹುದು.

ಇಷ್ಟೆಲ್ಲ ಕಾಯುವ ಊತದ ಮಾತು. ಫಿಲ್ಲರ್ ಹಾಕಿದ ಮೇಲೆ ನೋವು ಏರುತ್ತಲೇ ಹೋದರೆ, ಚರ್ಮ ಬಿಳಿಚಿದರೆ ಅಥವಾ ಬಲೆಯಂತೆ ನೀಲಿಗಟ್ಟಿದರೆ, ಕಣ್ಣು ಮಂಜಾದರೆ ರಕ್ತನಾಳ ಮುಚ್ಚಿರುವ ಸಂಶಯವಿದೆ. ಫಿಲ್ಲರ್ ಕರಗಿಸುವ ಹಯಲುರೊನಿಡೇಸ್ ಎಂಬ ಔಷಧಿ ಇದೆ. ಬೆಳಗಾಗಲಿ ಎನ್ನದೆ ಆ ಕ್ಷಣವೇ ವೈದ್ಯರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.